ಖರ್ಚು ಬಜೆಟ್‌ಗಿಂತ ಕಡಿಮೆ, ಆದರೂ 5.70 ಲಕ್ಷ ಅಂಡರ್ ಅಬ್ಸಾರ್ಪ್ಷನ್: ಬೇಳೆ ಮಿಲ್ಲಿನ ವರ್ಷಾಂತ್ಯದ ಲೆಕ್ಕ

ಕಪನೂರ_ಲೆಕ್ಕ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮಾರ್ಚ್ 31ರ ಲೆಕ್ಕ ಮುಗಿಸುವ ಹೊತ್ತಿಗೆ ಸಾಹುಕಾರರು ಒಂದು ಪ್ರಶ್ನೆ ಕೇಳಿದ್ದಾರೆ. ಅವರಿಗೆ ಒಪ್ಪಿಗೆಯಾಗುವಂತೆ ಉತ್ತರ ಕೊಡಬೇಕಾಗಿದೆ.

ವರ್ಷದ ಆರಂಭದಲ್ಲಿ ಬಾಡಿಗೆ, ಸಂಬಳ, ಕರೆಂಟಿನಂಥ ಕಾರ್ಖಾನೆಯ ಓವರ್‌ಹೆಡ್ 48 ಲಕ್ಷ ರೂಪಾಯಿ ಎಂದು ಅಂದಾಜು ಮಾಡಿದ್ದೆವು. ಮಿಲ್ಲು 4,000 ಗಂಟೆ ಓಡುತ್ತದೆ ಎಂದು ಲೆಕ್ಕ ಹಾಕಿ ಗಂಟೆಗೆ 1,200 ರೂಪಾಯಿಯ ದರ ಇಟ್ಟೆವು. ಒಂದು ಗಂಟೆಗೆ ಸರಾಸರಿ 10 ಕ್ವಿಂಟಲ್ ಬೇಳೆ ಹೊರಬರುತ್ತದೆ, ಹಾಗಾಗಿ ಪ್ರತಿ ಕ್ವಿಂಟಲ್ ಮೇಲೆ 120 ರೂಪಾಯಿ ಓವರ್‌ಹೆಡ್ ಹೊರಿಸುತ್ತ ಬಂದೆವು. ಈ ಸಲ ನೆಟೆ ರೋಗದಿಂದ ತೊಗರಿ ಆವಕ ಕಡಿಮೆಯಾಯಿತು. ಮಿಲ್ಲು ಓಡಿದ್ದು 3,400 ಗಂಟೆ ಮಾತ್ರ. ನಿಜವಾದ ಖರ್ಚು 46.50 ಲಕ್ಷ. ಬೇಳೆಯ ಮೇಲೆ ಹೊರಿಸಿದ್ದು 3,400 ಗಂಟೆಗೆ 1,200ರಂತೆ 40.80 ಲಕ್ಷ. ಉಳಿದ 5.70 ಲಕ್ಷ ಯಾವ ಕ್ವಿಂಟಲ್‌ಗೂ ಅಂಟದೆ ಓವರ್‌ಹೆಡ್ ಕಂಟ್ರೋಲ್ ಖಾತೆಯಲ್ಲಿ ನಿಂತಿದೆ, ಇದೇ ಅಂಡರ್ ಅಬ್ಸಾರ್ಪ್ಷನ್.

ಸಾಹುಕಾರರ ಮಾತು ಇಷ್ಟೇ: "48ರ ಜಾಗದಲ್ಲಿ 46.50 ಖರ್ಚು ಮಾಡಿದ್ದೇವೆ. ಒಂದೂವರೆ ಲಕ್ಷ ಉಳಿಸಿದ ಮೇಲೆ ಈ 5.70 ಲಕ್ಷದ ಕೊರತೆ ಎಲ್ಲಿಂದ ಬಂತು?" ಜೊತೆಗೆ ಗೋದಾಮಿನಲ್ಲಿ 6,800 ಕ್ವಿಂಟಲ್ ಬೇಳೆ ಇದೆ, ಆ ಮೊತ್ತವನ್ನು ಅದರ ಬೆಲೆಗೆ ಸೇರಿಸಿಬಿಡು ಎಂದೂ ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಬಿಕಾಂ_ಯಾದಗಿರಿ

ಸರ್, ಅಂಡರ್ ಅಬ್ಸಾರ್ಪ್ಷನ್ ಎಂದರೆ ನಷ್ಟ ಎಂದೇ ಅರ್ಥವಲ್ಲವೇ? ನಿಮ್ಮ ಮಿಲ್ಲಿಗೆ ಈ ವರ್ಷ 5.70 ಲಕ್ಷ ನಷ್ಟವಾಗಿದೆ ಎಂದು ಸಾಹುಕಾರರಿಗೆ ನೇರವಾಗಿ ಹೇಳಿಬಿಡಿ. ಪರೀಕ್ಷೆಯಲ್ಲಿ ನಾವು ಅದನ್ನು ಲಾಭ ನಷ್ಟದ ಖಾತೆಗೇ ಹಾಕುತ್ತೇವೆ.

ಸೇಡಂ_ರಸ್ತೆ_ಟ್ರೇಡರ್

ನಷ್ಟದ ಮಾತು ಬೇಡ. ಇಲ್ಲಿ ಎರಡು ವಿಷಯಗಳು ಒಂದರ ಮೇಲೊಂದು ಕುಳಿತಿವೆ. ಖರ್ಚಿನಲ್ಲಿ 1.50 ಲಕ್ಷ ಉಳಿತಾಯವಾಗಿದೆ, ಸಾಹುಕಾರರು ಹೇಳಿದ್ದು ಸರಿಯೇ. ಆದರೆ 600 ಗಂಟೆ ಮಿಲ್ಲು ನಿಂತಿತ್ತು. 600ಕ್ಕೆ 1,200ರಂತೆ 7.20 ಲಕ್ಷ ಹೊರಿಸಲು ಆಗಲಿಲ್ಲ. 7.20ರಲ್ಲಿ 1.50 ಕಳೆದರೆ 5.70. ಲೆಕ್ಕ ಕೂಡಿಬಂತು. ಖರ್ಚು ಚೆನ್ನಾಗಿ ಹಿಡಿದಿದ್ದೀರಿ, ಬೆಳೆ ಕೈಕೊಟ್ಟಿತು ಎಂದು ಹೇಳಿ.

ಕಾಸ್ಟ್_ಹಿರಿಯ_ಕಲಬುರಗಿ

ಕಾಸ್ಟ್ ಅಕೌಂಟೆಂಟ್ ಆಗಿ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ಮೊದಲು ಯಾದಗಿರಿಯ ವಿದ್ಯಾರ್ಥಿಯ ಮಾತು ನೋಡೋಣ.

ತಮ್ಮಾ, 5.70 ಲಕ್ಷ ಹೊಸದಾಗಿ ಕೈಯಿಂದ ಹೋದ ಹಣವಲ್ಲ. 46.50 ಲಕ್ಷ ಈಗಾಗಲೇ ಖರ್ಚಾಗಿ ಪುಸ್ತಕದಲ್ಲಿ ಕುಳಿತಿದೆ. ಅದರಲ್ಲಿ 40.80 ಲಕ್ಷ ಬೇಳೆಯ ವೆಚ್ಚವಾಗಿ ಹೋಯಿತು, 5.70 ಲಕ್ಷಕ್ಕೆ ಜಾಗ ಸಿಗಲಿಲ್ಲ. ಬೇಳೆ ಒಳ್ಳೆಯ ಧಾರಣೆಗೆ ಮಾರಾಟವಾಗಿದ್ದರೆ ಈ 5.70 ಕಳೆದ ಮೇಲೂ ಮಿಲ್ಲು ಲಾಭದಲ್ಲಿರಬಹುದು. ಓವರ್‌ಹೆಡ್ ಪೂರ್ತಿ ಅಬ್ಸಾರ್ಬ್ ಆದ ವರ್ಷದಲ್ಲೂ ಧಾರಣೆ ಕುಸಿದು ನಷ್ಟವಾಗಬಹುದು. ವರ್ಷದ ಮೊದಲು ಹಾಕಿದ ಅಂದಾಜು ಮತ್ತು ವರ್ಷದಲ್ಲಿ ನಡೆದ ಸಂಗತಿ ಎಷ್ಟು ದೂರ ನಿಂತವು ಎಂಬುದನ್ನಷ್ಟೇ ಈ ಅಂಕಿ ಹೇಳುತ್ತದೆ.

ಇನ್ನು ಸೇಡಂ ರಸ್ತೆಯವರ ಲೆಕ್ಕ. ಮೊತ್ತ ಕೂಡಿಬಂದಿರುವುದು ನಿಜ, ಆದರೆ ಒಂದೂವರೆ ಲಕ್ಷ ಉಳಿಯಿತು ಎಂಬ ತೀರ್ಮಾನ ನಿಲ್ಲುವುದಿಲ್ಲ. 48 ಲಕ್ಷ 4,000 ಗಂಟೆ ಓಡಿದಾಗಿನ ಅಂದಾಜು. 3,400 ಗಂಟೆ ಓಡಿದ ಮಿಲ್ಲಿನ ಖರ್ಚನ್ನು ಅದಕ್ಕೆ ಹೋಲಿಸಲಾಗದು. ಮಿಲ್ಲು ನಿಂತರೆ ಒಂದಿಷ್ಟು ಖರ್ಚು ತಾನಾಗಿಯೇ ಇಳಿಯುತ್ತದೆ, ಅದರಲ್ಲಿ ಯಾರ ಜಾಣತನವೂ ಇಲ್ಲ. ಕಪನೂರಿನವರೇ, 48 ಲಕ್ಷದಲ್ಲಿ ಮಿಲ್ಲು ಓಡಲಿ ಬಿಡಲಿ ಕೊಡಲೇಬೇಕಾದದ್ದು ಎಷ್ಟು, ಓಡಿದಷ್ಟಕ್ಕೆ ಮಾತ್ರ ಬರುವುದು ಎಷ್ಟು? ಬ್ಯಾಂಕ್ ಬಡ್ಡಿ, ಮಾರಾಟದ ದಲಾಲಿ, ಕಚೇರಿಯ ಖರ್ಚು ಇವುಗಳಲ್ಲಿ ಯಾವುದಾದರೂ ಇದರಲ್ಲಿ ಸೇರಿದೆಯೇ?

ಕಪನೂರ_ಲೆಕ್ಕ

ಬಡ್ಡಿ, ದಲಾಲಿ, ಕಚೇರಿ ಯಾವುದೂ ಸೇರಿಲ್ಲ ಸರ್, ಎಲ್ಲವೂ ಕಾರ್ಖಾನೆಯದ್ದೇ. ಶೆಡ್ಡಿನ ಬಾಡಿಗೆ, ಯಂತ್ರಗಳ ಸವಕಳಿ, ವಿಮೆ, ಫಿಟ್ಟರ್ ಮತ್ತು ಸೂಪರ್‌ವೈಸರ್ ಸಂಬಳ ಸೇರಿ 36 ಲಕ್ಷ ಸ್ಥಿರ. ಕರೆಂಟು, ಎಮರಿ ರೋಲರ್ ಸವೆತ, ಬೆಲ್ಟು, ಗ್ರೀಸು ಸೇರಿ 12 ಲಕ್ಷ ಓಟಕ್ಕೆ ತಕ್ಕಂತೆ ಬರುವುದು, ಅಂದರೆ ಗಂಟೆಗೆ 300.

ಕಾಸ್ಟ್_ಹಿರಿಯ_ಕಲಬುರಗಿ

ಹಾಗಾದರೆ ನೋಡಿ. 3,400 ಗಂಟೆಗೆ ಆಗಬೇಕಿದ್ದ ಖರ್ಚು 36 ಲಕ್ಷದ ಮೇಲೆ 10.20 ಲಕ್ಷ, ಒಟ್ಟು 46.20. ಆಗಿದ್ದು 46.50. ಒಂದೂವರೆ ಲಕ್ಷದ ಉಳಿತಾಯ ಎಲ್ಲಿಯೂ ಇಲ್ಲ, 30,000 ಹೆಚ್ಚೇ ಖರ್ಚಾಗಿದೆ. ಉಳಿದದ್ದು ಓಟದ ಕೊರತೆ. ಅದನ್ನು ಅಳೆಯುವಾಗ ಪೂರ್ತಿ 1,200 ಹಿಡಿಯಬಾರದು. ನಿಂತ ಗಂಟೆಯಲ್ಲಿ ಆ 300 ಖರ್ಚೇ ಆಗಲಿಲ್ಲವಲ್ಲ. ಸ್ಥಿರ ಭಾಗದ 900 ಮಾತ್ರ ಹಿಡಿದರೆ 600 ಗಂಟೆಗೆ 5.40 ಲಕ್ಷ. ಇದರ ಜೊತೆ 30,000 ಸೇರಿದರೆ ನಿಮ್ಮ 5.70.

ಎರಡೂ ವಿಭಜನೆಗಳ ಮೊತ್ತ ಒಂದೇ, ಆದರೆ ಸಾಹುಕಾರರ ಕೈಗೆ ಹೋಗುವ ಸುದ್ದಿ ಬೇರೆ. ಮೊದಲನೆಯದು ಶಭಾಷ್ ಎನ್ನುತ್ತದೆ, ಎರಡನೆಯದು 30,000 ಎಲ್ಲಿ ಹೋಯಿತು ಹುಡುಕಿ ಎನ್ನುತ್ತದೆ.

ಸೇಡಂ_ರಸ್ತೆ_ಟ್ರೇಡರ್

ಒಪ್ಪಿದೆ ಸರ್. ಸ್ಥಿರ ಮತ್ತು ಓಟದ ಖರ್ಚನ್ನು ಬೇರೆ ಮಾಡದೆ ಲೆಕ್ಕ ಹಾಕಿದ್ದೆ. ಆ 30,000 ರೋಲರ್‌ಗೆ ಮತ್ತೆ ಎಮರಿ ಹಾಕಿಸಿದ ಖರ್ಚಾಗಿರಬಹುದೇ? ಒದ್ದೆ ತೊಗರಿ ಬಂದ ವರ್ಷ ರೋಲರ್ ಬೇಗ ಸವೆಯುತ್ತದೆ.

ಮೀಟರ್_ರೀಡಿಂಗ್

ನಾನು ಲೆಕ್ಕದವನಲ್ಲ, ಮಿಲ್ಲುಗಳ ವಿದ್ಯುತ್ ಕೆಲಸ ಮಾಡುತ್ತೇನೆ. ಓದುತ್ತ ಒಂದು ಕಡೆ ಮನಸ್ಸು ನಿಂತಿತು. ಕರೆಂಟನ್ನು ಪೂರ್ತಿ ಓಟದ ಖರ್ಚಿಗೆ ಹಾಕಿದ್ದೀರಿ. ಜೆಸ್ಕಾಂ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಯೂನಿಟ್ ಲೆಕ್ಕದಲ್ಲಿ ಬರುವ ಮೊತ್ತ ಒಂದು ಸಾಲಿನಲ್ಲಿರುತ್ತದೆ, ಮಂಜೂರಾದ ಲೋಡಿನ ಮೇಲೆ ಬೀಳುವ ನಿಗದಿತ ಶುಲ್ಕ ಇನ್ನೊಂದು ಸಾಲಿನಲ್ಲಿರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಿಲ್ಲಿಗೆ ಬೀಗ ಹಾಕಿದ್ದರೂ ಆ ಎರಡನೆಯ ಸಾಲು ಬಿಡುವುದಿಲ್ಲ.

ಕಪನೂರ_ಲೆಕ್ಕ

ಈಗ ಹನ್ನೆರಡೂ ತಿಂಗಳ ಬಿಲ್ಲು ತೆಗೆದು ನೋಡಿದೆ. ನಿಗದಿತ ಶುಲ್ಕ ತಿಂಗಳಿಗೆ 15,000 ಇದೆ. ವರ್ಷಕ್ಕೆ 1.80 ಲಕ್ಷ. ಅದೆಲ್ಲವೂ ನನ್ನ ಗಂಟೆಗೆ 300ರ ಒಳಗೇ ಸೇರಿದೆ.

ಕಾಸ್ಟ್_ಹಿರಿಯ_ಕಲಬುರಗಿ

ಮೀಟರ್ ರೀಡಿಂಗ್ ಅವರೇ, ಬಹಳ ಉಪಕಾರವಾಯಿತು. ಲೆಕ್ಕದ ಮೇಜಿನ ಮುಂದೆ ಕುಳಿತವರಿಗೆ ಈ ಸಾಲು ಕಾಣುವುದೇ ಇಲ್ಲ.

ಈಗ ಸ್ಥಿರ ಖರ್ಚು 37.80 ಲಕ್ಷ, ಓಟದ ಖರ್ಚು 10.20 ಲಕ್ಷ, ಅಂದರೆ ಗಂಟೆಗೆ 255. 3,400 ಗಂಟೆಗೆ 8.67 ಲಕ್ಷ. ಸ್ಥಿರದ ಜೊತೆ ಕೂಡಿಸಿದರೆ 46.47 ಲಕ್ಷ. ಆಗಿದ್ದು 46.50. ವ್ಯತ್ಯಾಸ ಮೂರು ಸಾವಿರ. ಹುಡುಕಬೇಕಾದದ್ದು ಏನೂ ಉಳಿಯಲಿಲ್ಲ, ರೋಲರ್ ಮೇಲಿನ ಅನುಮಾನವನ್ನೂ ಕೈಬಿಡಬಹುದು. ಸ್ಥಿರ ದರ ಗಂಟೆಗೆ 945 ಆಯಿತು, 600 ಗಂಟೆಗೆ 5.67 ಲಕ್ಷ. ನಿಮ್ಮ 5.70ರಲ್ಲಿ ಹೆಚ್ಚುಕಡಿಮೆ ಪೂರ್ತಿ ಮೊತ್ತ ಮಿಲ್ಲು ನಿಂತದ್ದರಿಂದಲೇ ಬಂದಿದೆ. ಸಾಹುಕಾರರಿಗೆ ಹೀಗೆ ಹೇಳಿ: ಖರ್ಚು ಎಷ್ಟಾಗಬೇಕಿತ್ತೋ ಅಷ್ಟೇ ಆಗಿದೆ. ಉಳಿಸಿಲ್ಲ, ಪೋಲು ಮಾಡಿಲ್ಲ. 4,000 ಗಂಟೆಗೆ ಹಂಚಬೇಕಿದ್ದ ಬಾಡಿಗೆ, ಸವಕಳಿ, ಸಂಬಳ 3,400 ಗಂಟೆಗೆ ಮಾತ್ರ ಹಂಚಿಕೆಯಾಯಿತು.

ಇನ್ನು ಗೋದಾಮಿನ ಬೇಳೆಗೆ ಸೇರಿಸುವ ಮಾತು. ಇದು ಆಗದು. 5.70 ಲಕ್ಷವನ್ನು 6,800 ಕ್ವಿಂಟಲ್ ಮೇಲೆ ಹೇರಿದರೆ ಕ್ವಿಂಟಲ್‌ಗೆ ಸುಮಾರು 84 ರೂಪಾಯಿ ಏರುತ್ತದೆ. 120 ಇದ್ದ ಓವರ್‌ಹೆಡ್ 204 ಆಗುತ್ತದೆ. ಆ ಬೇಳೆಗಾಗಿ ಮಿಲ್ಲು ಒಂದು ನಿಮಿಷವೂ ಹೆಚ್ಚು ಓಡಿಲ್ಲ. ಈ ವರ್ಷದ ಲಾಭ 5.70 ಲಕ್ಷ ಹೆಚ್ಚಾಗಿ ಕಾಣುತ್ತದೆ, ಮುಂದಿನ ವರ್ಷ ಆ ಬೇಳೆ ಮಾರಿದಾಗ ಅಷ್ಟೇ ಮೊತ್ತ ಹೊಡೆತ ಬೀಳುತ್ತದೆ. ನಡುವೆ ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಕೂಡ ಉಬ್ಬಿರುತ್ತದೆ.

ಬಿಕಾಂ_ಯಾದಗಿರಿ

ಸರ್, ಹಾಗಾದರೆ ಸಪ್ಲಿಮೆಂಟರಿ ದರ? 5.70 ಲಕ್ಷವನ್ನು ಈ ವರ್ಷ ತಯಾರಾದ 34,000 ಕ್ವಿಂಟಲ್‌ಗೂ ಸಮನಾಗಿ ಹಂಚಿದರೆ ಗೋದಾಮಿನಲ್ಲಿರುವುದು ಐದನೆಯ ಒಂದು ಭಾಗ, ಅಂದರೆ 1.14 ಲಕ್ಷ ಸ್ಟಾಕ್ ಮೇಲೆ, 4.56 ಲಕ್ಷ ಮಾರಿದ ಬೇಳೆಯ ಮೇಲೆ. ನಮ್ಮ ಪಠ್ಯದಲ್ಲಿ ಇದೂ ಇದೆ.

ಕಾಸ್ಟ್_ಹಿರಿಯ_ಕಲಬುರಗಿ

ಹಂಚಿಕೆ ಸರಿಯಾಗಿ ಮಾಡಿದ್ದೀಯ. ಆದರೆ ಅದು ಸಲ್ಲುವುದು ದರವೇ ತಪ್ಪಿದಾಗ. ಬಾಡಿಗೆ ಏರಿದ್ದು, ಕೂಲಿ ಪರಿಷ್ಕರಣೆಯಾದದ್ದು ಅಂದಾಜಿಗೆ ಬರಲಿಲ್ಲ, ಅದರಿಂದ ಪ್ರತಿ ಕ್ವಿಂಟಲ್‌ಗೂ ಕಡಿಮೆ ಹೊರಿಸಿದ್ದೇವೆ ಎಂದಾದರೆ ಮಾರಿದ್ದಕ್ಕೂ ಉಳಿದದ್ದಕ್ಕೂ ಹಂಚುವುದು ನ್ಯಾಯ. ಯಂತ್ರ ನಿಂತದ್ದರಿಂದ ಬಂದ ಕೊರತೆಗೆ ಅದು ಸಲ್ಲದು. ಲೆಕ್ಕಪತ್ರ ಮಾನದಂಡ 2 ಸ್ಥಿರ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕು ಎನ್ನುತ್ತದೆ. ಉತ್ಪಾದನೆ ಕಡಿಮೆಯಾಯಿತು ಎಂದು ಪ್ರತಿ ಕ್ವಿಂಟಲ್ ಹೊರುವ ಸ್ಥಿರ ಭಾಗವನ್ನು ಏರಿಸುವಂತಿಲ್ಲ, ಹಂಚಿಕೆಯಾಗದೆ ಉಳಿದದ್ದು ಆ ವರ್ಷದ ಖರ್ಚಾಗಿಯೇ ಹೋಗಬೇಕು. ಹಾಗಾಗಿ 5.67 ಲಕ್ಷ ನೇರವಾಗಿ ಲಾಭ ನಷ್ಟದ ಖಾತೆಗೆ. ಮೂರು ಸಾವಿರಕ್ಕಾಗಿ ತಲೆಕೆಡಿಸಿಕೊಳ್ಳದೆ ಅದರ ಜೊತೆಗೇ ಕಳುಹಿಸಿ.

ಶಹಾಪುರ_ಹತ್ತಿ

ನಮ್ಮದು ಯಾದಗಿರಿ ಜಿಲ್ಲೆಯಲ್ಲಿ ಹತ್ತಿ ಜಿನ್ನಿಂಗ್. ನಾವು ಅಂಡರ್ ಅಬ್ಸಾರ್ಪ್ಷನ್ ಅನ್ನು ಮುಂದಕ್ಕೆ ಒಯ್ಯುತ್ತೇವೆ. ಹಂಗಾಮಿಗೆ ಮೊದಲು ಯಂತ್ರ ಓಡುವುದೇ ಇಲ್ಲ, ಬಾಡಿಗೆ ಮತ್ತು ಸಂಬಳ ಮಾತ್ರ ಹೋಗುತ್ತಿರುತ್ತದೆ. ಆಗ ಕೊರತೆ ಏರುತ್ತ ಹೋಗುತ್ತದೆ, ಹತ್ತಿ ಬಂದ ಮೇಲೆ ತಾನಾಗಿ ತುಂಬುತ್ತದೆ. ತೊಗರಿಯೂ ಹಂಗಾಮಿನ ಬೆಳೆಯೇ. ಡಿಸೆಂಬರ್‌ನಲ್ಲಿ ಕಟಾವಾಗಿ ಜನವರಿಯಿಂದ ಮಿಲ್ಲು ಓಡುತ್ತದೆ, ಏಪ್ರಿಲ್, ಮೇ ತಿಂಗಳಲ್ಲೂ ಓಡುತ್ತದೆ. ನೀವೂ 5.70 ಲಕ್ಷವನ್ನು ಸಸ್ಪೆನ್ಸ್ ಖಾತೆಯಲ್ಲಿಟ್ಟು ಮುಂದಿನ ವರ್ಷಕ್ಕೆ ಒಯ್ಯಿರಿ.

ಕಾಸ್ಟ್_ಹಿರಿಯ_ಕಲಬುರಗಿ

ಅಣ್ಣಾವರೇ, ನಿಮ್ಮ ಮಾತಿನ ಮೊದಲರ್ಧ ಪೂರ್ತಿ ಸರಿ. ಸೆಪ್ಟೆಂಬರ್ ಕೊನೆಯಲ್ಲಿ ಜಿನ್ನಿಂಗ್‌ನಲ್ಲಿ ಕೊರತೆ ಕಂಡರೆ ಅದನ್ನು ಖರ್ಚು ಬರೆಯಬೇಕಿಲ್ಲ. ದರ ಇಟ್ಟದ್ದೇ ಇಡೀ ವರ್ಷದ ಗಂಟೆಗಳ ಮೇಲೆ, ಹಂಗಾಮಿನಲ್ಲಿ ಅದು ತಿರುಗಿ ಬರುತ್ತದೆ. ತಿಂಗಳ ಲೆಕ್ಕದಲ್ಲಿ ಹಾಗೆಯೇ ಬಿಡುವುದು ಒಳ್ಳೆಯದು.

ಮಾರ್ಚ್ 31ಕ್ಕೆ ಆ ದಾರಿ ಮುಚ್ಚುತ್ತದೆ. ಆ ಮೊತ್ತವನ್ನು ಆಸ್ತಿ ಎಂದು ತೋರಿಸಬೇಕಾದರೆ ಮುಂದೆ ಅದರಿಂದ ಏನಾದರೂ ಬರಬೇಕು. ನಿಂತ 600 ಗಂಟೆಯಿಂದ ಮುಂದಿನ ವರ್ಷ ಏನೂ ಬರುವುದಿಲ್ಲ. ನಮ್ಮ ಭಾಗದ ಮಿಲ್ಲುಗಳಲ್ಲಿ ಮಾರ್ಚ್ 31 ಹಂಗಾಮಿನ ನಡುವೆಯೇ ಬೀಳುತ್ತದೆ ಎಂಬ ತೊಂದರೆ ನಿಜ. ಕಟಾವು ಒಂದು ತಿಂಗಳು ತಡವಾದರೆ ಈ ವರ್ಷ ಕೊರತೆ, ಮುಂದಿನ ವರ್ಷ ಹೆಚ್ಚುವರಿ ಕಾಣುತ್ತದೆ. ಅದನ್ನು ಟಿಪ್ಪಣಿಯಲ್ಲಿ ವಿವರಿಸಬಹುದು, ಖಾತೆಯಲ್ಲಿ ಒಯ್ಯುವಂತಿಲ್ಲ.

ಶಹಾಪುರ_ಹತ್ತಿ

ನಮ್ಮ ಆಡಿಟರ್ ಇದುವರೆಗೆ ಏನೂ ಅಂದಿಲ್ಲ. ಕೇಳಿ ನೋಡುತ್ತೇನೆ.

ಬೀದರ್_ಬಿದ್ರಿ

ನಮ್ಮದು ಇದರ ತದ್ವಿರುದ್ಧ. ಬೀದರ್‌ನಲ್ಲಿ ಬಿದ್ರಿ ಕಾರ್ಯಾಗಾರದ ಲೆಕ್ಕ ನೋಡುತ್ತೇನೆ. ಶೆಡ್ಡಿನ ಬಾಡಿಗೆ, ಪಾಲಿಶ್ ಯಂತ್ರ, ಇದ್ದಿಲು, ಉಪಕರಣ ಎಲ್ಲ ಸೇರಿ ವರ್ಷಕ್ಕೆ 3 ಲಕ್ಷ, ಕಚ್ಚಾ ಸಾಮಗ್ರಿ 15 ಲಕ್ಷ ಎಂದು ಅಂದಾಜಿಸಿ ಸಾಮಗ್ರಿಯ ಶೇಕಡ 20 ಓವರ್‌ಹೆಡ್ ಹೊರಿಸುತ್ತಿದ್ದೆವು. ಬೆಳ್ಳಿ ಧಾರಣೆ ಏರಿ ಸಾಮಗ್ರಿ 21 ಲಕ್ಷ ಆಯಿತು. ಮಾಡಿದ ಹೂಜಿ, ತಟ್ಟೆ, ಪೆಟ್ಟಿಗೆಗಳ ಸಂಖ್ಯೆ ಹೆಚ್ಚಾಗಲಿಲ್ಲ. ಹೊರಿಸಿದ್ದು 4.20 ಲಕ್ಷ, ಖರ್ಚಾದದ್ದು 3.10 ಲಕ್ಷ. 1.10 ಲಕ್ಷ ಓವರ್ ಅಬ್ಸಾರ್ಪ್ಷನ್. ಇದನ್ನು ಲಾಭ ಎಂದು ಕುಶಲಕರ್ಮಿಗಳಿಗೆ ಬೋನಸ್ ಆಗಿ ಹಂಚಬಹುದೇ ಎಂದು ಮಾಲೀಕರು ಕೇಳುತ್ತಿದ್ದಾರೆ.

ಕಾಸ್ಟ್_ಹಿರಿಯ_ಕಲಬುರಗಿ

ಬೋನಸ್ ಕೊಡಲಿ, ಬಿದ್ರಿ ಕೆಲಸದವರಿಗೆ ಎಷ್ಟು ಕೊಟ್ಟರೂ ಕಡಿಮೆಯೇ. ಆದರೆ ಈ 1.10 ಲಕ್ಷ ಹೊಸ ಲಾಭವಲ್ಲ. ಖರ್ಚಾಗದ ಹಣವನ್ನು ವಸ್ತುಗಳ ವೆಚ್ಚದಲ್ಲಿ ಬರೆದಿದ್ದೀರಿ, ಅದನ್ನು ವಾಪಸ್ ತೆಗೆಯುತ್ತಿದ್ದೀರಿ, ಅಷ್ಟೇ. ಮಾರಾಟವಾಗದೆ ಉಳಿದ ವಸ್ತುಗಳಲ್ಲಿ ಎಷ್ಟು ಸಾಮಗ್ರಿ ಇದೆ?

ಬೀದರ್_ಬಿದ್ರಿ

4.20 ಲಕ್ಷದ ಸಾಮಗ್ರಿ ಇದೆ. ಅದರ ಮೇಲೆ 84,000 ಓವರ್‌ಹೆಡ್ ಹೊರಿಸಿದ್ದೇವೆ.

ಕಾಸ್ಟ್_ಹಿರಿಯ_ಕಲಬುರಗಿ

ಸಾಮಗ್ರಿಯ ಐದನೆಯ ಒಂದು ಭಾಗ ಸ್ಟಾಕಿನಲ್ಲಿದೆ. ಹಾಗಾಗಿ 1.10 ಲಕ್ಷದ ಐದನೆಯ ಒಂದು ಭಾಗ, 22,000, ಸ್ಟಾಕಿನ ಬೆಲೆಯಿಂದ ಕಳೆಯಬೇಕು. 84,000 ಇದ್ದದ್ದು 62,000 ಆಗುತ್ತದೆ. ಉಳಿದ 88,000 ಮಾರಿದ ವಸ್ತುಗಳ ವೆಚ್ಚದಿಂದ ಕಡಿಮೆಯಾಗುತ್ತದೆ. ಸ್ಟಾಕನ್ನು ಮುಟ್ಟದೆ ಪೂರ್ತಿ 1.10 ಲಕ್ಷವನ್ನು ಲಾಭಕ್ಕೆ ಒಯ್ದರೆ ಉಳಿದ ವಸ್ತುಗಳ ಬೆಲೆ ನಿಜವಾದ ವೆಚ್ಚಕ್ಕಿಂತ ಮೇಲೆ ನಿಲ್ಲುತ್ತದೆ.

ನಿಮ್ಮಲ್ಲಿ ಮಾತ್ರ ಯಂತ್ರ ನಿಂತದ್ದೂ ಅಲ್ಲ, ಹೆಚ್ಚು ಓಡಿದ್ದೂ ಅಲ್ಲ. ಅಳತೆಗೋಲೇ ಸರಿಯಿಲ್ಲ. ಬೆಳ್ಳಿ ದುಬಾರಿಯಾದರೆ ಶೆಡ್ಡಿನ ಬಾಡಿಗೆ ಹೆಚ್ಚಾಗುವುದಿಲ್ಲ. ಬೆಳ್ಳಿ ತಗಡು ಕೂರಿಸುವ ಕೆಲಸಕ್ಕೂ ತಂತಿ ಕೂರಿಸುವ ಕೆಲಸಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು ನೋಡಿದ್ದೀರಾ?

ಬೀದರ್_ಬಿದ್ರಿ

ಹೌದು ಸರ್, ಅಲ್ಲಿಯೇ ನಮಗೆ ತೊಂದರೆಯಾಗಿದೆ. ತಗಡಿನ ಹೂಜಿಗೆ ಬೆಳ್ಳಿ ಬಹಳ, ಕೆಲಸ ಬೇಗ. ಸಣ್ಣ ತಂತಿಯ ಬಳ್ಳಿ ಬಿಡಿಸಿದ ಪೆಟ್ಟಿಗೆಗೆ ಬೆಳ್ಳಿ ಕಡಿಮೆ, ಆದರೆ ಉಳಿಯಿಂದ ಗೆರೆ ಕೊರೆದು ತಂತಿಯನ್ನು ಒಂದೊಂದಾಗಿ ತಟ್ಟಿ ಕೂರಿಸಬೇಕು, ದಿನಗಟ್ಟಲೆ ಬೇಕು. ಈ ವರ್ಷ ತಗಡಿನ ಹೂಜಿಗೆ ನಾವು ಹೇಳಿದ ದರ ಹೆಚ್ಚಾಯಿತು ಎಂದು ಎರಡು ಆರ್ಡರ್ ಬಿಟ್ಟುಹೋದವು. ತಂತಿ ಪೆಟ್ಟಿಗೆಗಳು ಮಾತ್ರ ಬೇಗ ಮಾರಾಟವಾದವು.

ಕಾಸ್ಟ್_ಹಿರಿಯ_ಕಲಬುರಗಿ

ಬೇಗ ಮಾರಾಟವಾದದ್ದು ಕಡಿಮೆ ದರ ಹೇಳಿದ್ದಕ್ಕೂ ಇರಬಹುದು. ದಿನಗಟ್ಟಲೆ ಶೆಡ್ಡಿನಲ್ಲಿ ಜಾಗ ಹಿಡಿದ ಪೆಟ್ಟಿಗೆಗೆ ಓವರ್‌ಹೆಡ್ ಚಿಟಿಕೆಯಷ್ಟು, ಬೇಗ ಮುಗಿದ ಹೂಜಿಗೆ ರಾಶಿ. ಮುಂದಿನ ವರ್ಷದಿಂದ ಕೆಲಸದವರು ಕುಳಿತ ಗಂಟೆಯ ಮೇಲೆ ದರ ಇಡಿ. ಪ್ರತಿ ವಸ್ತುವಿಗೆ ಒಂದು ಚೀಟಿ, ಅದರಲ್ಲಿ ಯಾರು ಎಷ್ಟು ಹೊತ್ತು ಕೆಲಸ ಮಾಡಿದರು ಎಂದು ಬರೆದರೆ ಸಾಕು.

ಸಿಎ_ಜಗತ್_ಬಡಾವಣೆ

ಕಪನೂರಿನವರ ಪ್ರಶ್ನೆಗೆ ಮರಳುತ್ತೇನೆ. ಎಲ್ಲರೂ 4,000 ಗಂಟೆಯನ್ನು ಸಾಮಾನ್ಯ ಸಾಮರ್ಥ್ಯ ಎಂದು ಒಪ್ಪಿಕೊಂಡು ಮುಂದೆ ಹೋದಿರಿ. ಅದು ಎಲ್ಲಿಂದ ಬಂತು? ಹಿಂದಿನ ಹಂಗಾಮುಗಳಲ್ಲಿ ಮಿಲ್ಲು ಎಷ್ಟು ಓಡಿತ್ತು?

ಕಪನೂರ_ಲೆಕ್ಕ

ಹಿಂದಿನ ಮೂರು ವರ್ಷ 3,500, 3,700, 3,600 ಗಂಟೆ. ಈ ವರ್ಷ ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ಹಾಕಿದೆವು. ಅದನ್ನು ನೋಡಿ ಬೇರೆ ವ್ಯಾಪಾರಿಗಳ ತೊಗರಿಯೂ ಜಾಬ್ ವರ್ಕ್‌ಗೆ ಬರುತ್ತದೆ ಎಂದು ಸಾಹುಕಾರರು 400 ಗಂಟೆ ಸೇರಿಸಿದರು. ಅದು ಬರಲಿಲ್ಲ.

ಸಿಎ_ಜಗತ್_ಬಡಾವಣೆ

ಹಾಗಾದರೆ 4,000 ಆಸೆಯ ಅಂಕಿ. ಸಾಮಾನ್ಯ ಸಾಮರ್ಥ್ಯ ಎಂದರೆ ಕೆಲವು ಹಂಗಾಮುಗಳ ಸರಾಸರಿ, ದುರಸ್ತಿಗೆ ನಿಲ್ಲುವ ದಿನಗಳನ್ನು ಬಿಟ್ಟು. ನಿಮ್ಮದು 3,600. ಅದರ ಮೇಲೆ ಸ್ಥಿರ ದರ 1,050, ಓಟದ 255 ಸೇರಿ ಗಂಟೆಗೆ 1,305. ನಿಂತದ್ದು 600 ಗಂಟೆಯಲ್ಲ, 200 ಗಂಟೆ. ಖರ್ಚು ಬರೆಯಬೇಕಾದದ್ದು 5.67 ಲಕ್ಷವಲ್ಲ, 2.10 ಲಕ್ಷ. ಉಳಿದ 3.57 ಲಕ್ಷ ದರ ಕಡಿಮೆ ಇಟ್ಟದ್ದರಿಂದ ಬಂದದ್ದು, ಅದು ಪ್ರತಿ ಕ್ವಿಂಟಲ್‌ಗೂ ಹತ್ತೂವರೆ ರೂಪಾಯಿಯಂತೆ ಹೋಗಬೇಕು. ಗೋದಾಮಿನ 6,800 ಕ್ವಿಂಟಲ್ ಮೇಲೆ 71,400 ಏರುತ್ತದೆ. ಅಂದರೆ ಸಾಹುಕಾರರು ಕೇಳಿದ್ದರಲ್ಲಿ ಒಂದು ಸಣ್ಣ ಭಾಗ ನ್ಯಾಯವಾಗಿಯೇ ಸ್ಟಾಕಿಗೆ ಸೇರುತ್ತದೆ.

ಕಾಸ್ಟ್_ಹಿರಿಯ_ಕಲಬುರಗಿ

ಸರಾಸರಿಯ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ವರ್ಷ ಮುಗಿದು, ಕೊರತೆ ಕಂಡ ಮೇಲೆ ಛೇದವನ್ನು 4,000ದಿಂದ 3,600ಕ್ಕೆ ಇಳಿಸುವುದು ನನಗೆ ಹಿಡಿಸುವುದಿಲ್ಲ. ಒಳ್ಳೆಯ ಬೆಳೆ ಬಂದು 4,200 ಗಂಟೆ ಓಡಿದ್ದರೆ ಇವರು 3,600 ಎಂದು ಹೇಳುತ್ತಿದ್ದರೇ? ಆಗ 1,305ರ ದರದಲ್ಲಿ ಓವರ್ ಅಬ್ಸಾರ್ಪ್ಷನ್ ಬರುತ್ತಿತ್ತು, ಸ್ಟಾಕನ್ನು ನಿಜವಾದ ವೆಚ್ಚಕ್ಕೆ ಇಳಿಸಬೇಕಾಗುತ್ತಿತ್ತು.

ಸಿಎ_ಜಗತ್_ಬಡಾವಣೆ

ಅದಕ್ಕಾಗಿಯೇ ಹಿಂದಿನ ವರ್ಷಗಳ ಸ್ಟಾಕನ್ನು ಯಾವ ಗಂಟೆಯ ಮೇಲೆ ಬೆಲೆ ಕಟ್ಟಿದ್ದರು ಎಂದು ನೋಡಬೇಕು. ಆಗಲೂ ಸರಾಸರಿಯನ್ನೇ ಬಳಸಿದ್ದರೆ ಇದು ಹೊಸ ಪದ್ಧತಿಯಲ್ಲ, ಬಜೆಟ್ ದರ ಒಳಗಿನ ಬಳಕೆಗೆ ಮಾತ್ರ. ಪ್ರತಿ ವರ್ಷ ಬಜೆಟ್ ಗಂಟೆಯನ್ನೇ ಬಳಸಿದ್ದರೆ ನಿಮ್ಮ ಆಕ್ಷೇಪಕ್ಕೆ ತೂಕವಿದೆ.

ಸೇಡಂ_ರಸ್ತೆ_ಟ್ರೇಡರ್

ಮುಂದಿನ ವರ್ಷದ ದರ ಎಷ್ಟಿಡುವುದು? 46.50 ಲಕ್ಷವನ್ನು 3,400ರಿಂದ ಭಾಗಿಸಿದರೆ ಸುಮಾರು 1,368. ಅದನ್ನೇ ಇಟ್ಟರೆ ಮತ್ತೆ ಕೊರತೆ ಬರುವುದಿಲ್ಲ.

ಕಾಸ್ಟ್_ಹಿರಿಯ_ಕಲಬುರಗಿ

ಬೇಡ. ಬೆಳೆ ಕೆಟ್ಟ ವರ್ಷದ ಗಂಟೆಯ ಮೇಲೆ ದರ ಇಟ್ಟರೆ ಜಾಬ್ ವರ್ಕ್ ಕೇಳಿ ಬಂದವರಿಗೆ 1,368ಕ್ಕಿಂತ ಮೇಲೆ ಹೇಳುತ್ತೀರಿ, ಅವರು ಪಕ್ಕದ ಮಿಲ್ಲಿಗೆ ಹೋಗುತ್ತಾರೆ. ಗಂಟೆ ಇನ್ನೂ ಇಳಿಯುತ್ತದೆ, ಮರುವರ್ಷ ದರ ಇನ್ನೂ ಏರಿಸಬೇಕಾಗುತ್ತದೆ. ನಿಂತ ಗಂಟೆಯಲ್ಲಿ ಬರುವ ಜಾಬ್ ವರ್ಕ್‌ಗೆ ನಿಮಗೆ ಹೊಸದಾಗಿ ಆಗುವ ಓವರ್‌ಹೆಡ್ 255 ಮಾತ್ರ. ಅದರ ಮೇಲೆ ಹಮಾಲಿ, ಕೂಲಿ ಸೇರಿಸಿ, ಆಮೇಲೆ ಬಂದದ್ದೆಲ್ಲ ಬಾಡಿಗೆ ಮತ್ತು ಸವಕಳಿಗೆ ನೆರವು. ವರ್ಷಪೂರ್ತಿ ಅದೇ ದರಕ್ಕೆ ಒಪ್ಪಬಾರದು, ಅದು ಬೇರೆ ಮಾತು. ದರ 3,600ರ ಮೇಲೆ ಇಡಿ, ಈ ವಿಷಯದಲ್ಲಿ ನಾನೂ ಸಿಎ ಸಾಹೇಬರೂ ಒಂದೇ.

ಕಪನೂರ_ಲೆಕ್ಕ

ಹಿಂದಿನ ಕಡತ ತೆಗೆದೆ. ಒಂದು ವರ್ಷ ಬಜೆಟ್ ಗಂಟೆ ಬಳಸಿದ್ದಾರೆ, ಇನ್ನೊಂದು ವರ್ಷ ನಿಜವಾಗಿ ಓಡಿದ ಗಂಟೆಯನ್ನೇ ಬಳಸಿದ್ದಾರೆ, ಮೂರನೆಯ ವರ್ಷದ ಹಾಳೆ ಸಿಗುತ್ತಿಲ್ಲ. ಸೋಮವಾರ ಆಡಿಟರ್ ಬರುತ್ತಾರೆ. ಮಿಲ್ಲಿನ ಲಾಗ್ ಪುಸ್ತಕ, ಜೆಸ್ಕಾಂ ಬಿಲ್ಲುಗಳು, 5.67 ಮತ್ತು 2.10ರ ಎರಡೂ ಲೆಕ್ಕದ ಹಾಳೆ ಅವರ ಮುಂದೆ ಇಡುತ್ತೇನೆ.

ಮೀಟರ್_ರೀಡಿಂಗ್

ಲಾಗ್ ಪುಸ್ತಕದ ಗಂಟೆಯನ್ನು ಯೂನಿಟ್ ಜೊತೆ ತಾಳೆ ನೋಡಿಕೊಂಡು ಹೋಗಿ. ಮೋಟಾರು ಖಾಲಿ ಓಡಿದ ಹೊತ್ತನ್ನೂ ಆಪರೇಟರ್‌ಗಳು ಓಟ ಎಂದು ಬರೆದಿರುತ್ತಾರೆ, ಖಾಲಿ ಓಟದಲ್ಲಿ ಯೂನಿಟ್ ಬಹಳ ಕಡಿಮೆ ಬೀಳುತ್ತದೆ.